ನಾಲ್ಕು ರೂಮಿನ ಲೆಕ್ಕ

ಮಡಿಕೇರಿ ಸುತ್ತಮುತ್ತ ಹೊಸದಾಗಿ ಹೋಂಸ್ಟೇ ತೆರೆದವರು ದರ ಹಾಕುವ ರೀತಿ ಸಾಮಾನ್ಯವಾಗಿ ಒಂದೇ. ಪಕ್ಕದ ಮನೆಯವರು ಎಷ್ಟು ತೆಗೆದುಕೊಳ್ಳುತ್ತಾರೆಂದು ಕೇಳಿ, ಅದಕ್ಕಿಂತ ಇನ್ನೂರು ಕಡಿಮೆ ಬರೆದುಬಿಡುತ್ತಾರೆ. ಪಕ್ಕದ ಮನೆಯವರಿಗೆ ಬ್ಯಾಂಕ್ ಸಾಲ ಇದೆಯೋ ಇಲ್ಲವೋ, ಅಡುಗೆಗೆ ಆಳಿದ್ದಾರೋ ಮನೆಯವರೇ ಮಾಡುತ್ತಾರೋ, ಯಾರೂ ವಿಚಾರಿಸುವುದಿಲ್ಲ. ದರ ಶುರುವಾಗಬೇಕಾದದ್ದು ನಮ್ಮದೇ ಖರ್ಚಿನ ಪುಸ್ತಕದಿಂದ.

ಲೆಕ್ಕಕ್ಕೆ ನಾಲ್ಕು ರೂಮಿನ ಒಂದು ಮನೆ ಇಟ್ಟುಕೊಳ್ಳೋಣ. ಅತಿಥಿ ಬರಲಿ ಬಿಡಲಿ, ಇಬ್ಬರು ಕೆಲಸದವರ ಸಂಬಳ, ಸಾಲದ ಕಂತು, ಇಂಟರ್‌ನೆಟ್, ಮಳೆಗಾಲ ಮುಗಿದ ಮೇಲಿನ ಸುಣ್ಣಬಣ್ಣ ಸೇರಿ ತಿಂಗಳಿಗೆ 68,000 ರೂಪಾಯಿ ಹೋಗುತ್ತದೆ. ಇದಕ್ಕೆ ಮನೆಯವರ ದುಡಿಮೆಗೆಂದು 20,000 ಸೇರಿಸಿ. ಹೆಚ್ಚಿನವರು ಬಿಡುವುದು ಇದನ್ನೇ. ಬೆಳಗ್ಗೆ ಐದಕ್ಕೆದ್ದು ಕಡುಬು ಬೇಯಿಸುವವರ ಕೂಲಿಯನ್ನು ಬಿಟ್ಟು ‘ಲಾಭ’ ಎಂದರೆ ಅದು ಲಾಭವಲ್ಲ. ಅಲ್ಲಿಗೆ ವರ್ಷಕ್ಕೆ 10,56,000 ರೂಪಾಯಿ.

ಇನ್ನು ರೂಮು ತುಂಬಿದಾಗ ಮಾತ್ರ ಆಗುವ ಖರ್ಚು: ಇಬ್ಬರ ತಿಂಡಿ, ಕಾಫಿ, ಬಿಸಿನೀರು, ಹಾಸಿಗೆ ಬಟ್ಟೆಯ ಒಗೆತ. ಒಂದು ರಾತ್ರಿಗೆ 500 ಎನ್ನಿ. ಅರ್ಧದಷ್ಟು ಬುಕಿಂಗ್ ಆನ್‌ಲೈನ್ ತಾಣದಿಂದ ಬಂದು, ಅಲ್ಲಿ ನೂರಕ್ಕೆ 18 ಕಮಿಷನ್ ಹೋದರೆ, ಒಟ್ಟಾರೆ ಸರಾಸರಿ ನೂರಕ್ಕೆ 9 ಕಳೆಯಬೇಕು.

ನಾಲ್ಕು ರೂಮು, 365 ದಿನ ಎಂದರೆ ಮಾರಲು ಇರುವುದು 1,460 ರಾತ್ರಿ. ಅವೆಲ್ಲ ಒಂದೇ ಬೆಲೆಯವಲ್ಲ. ಬೆಂಗಳೂರಿನ ಕಾರುಗಳು ಘಟ್ಟ ಹತ್ತುವ ಶುಕ್ರವಾರ, ಶನಿವಾರದ ರಾತ್ರಿಗಳು 416. ಉಳಿದ 1,044 ವಾರದ ನಡುವಿನವು. ವಾರಾಂತ್ಯಕ್ಕೆ 3,000 ಹಾಕಿ, ಮಳೆಗಾಲದ ಖಾಲಿಯನ್ನೂ ಸೇರಿಸಿ ಮುಕ್ಕಾಲು ಭಾಗ, ಅಂದರೆ 312 ರಾತ್ರಿ ತುಂಬಿತೆನ್ನೋಣ. ಕಮಿಷನ್ 270, ಖರ್ಚು 500 ಕಳೆದರೆ ರಾತ್ರಿಗೆ 2,230 ಕೈಗೆ ಉಳಿಯುತ್ತದೆ. ಒಟ್ಟು ಸುಮಾರು 6,96,000. ಇನ್ನೂ 3,60,000 ಬಾಕಿ. ವಾರದ ದಿನಗಳಿಗೆ 1,800 ದರವಿದ್ದರೆ ಉಳಿಯುವುದು 1,138, ಹಾಗಾಗಿ 317 ರಾತ್ರಿ ಬೇಕು. ಎಂದರೆ ಸೋಮವಾರವೋ ಬುಧವಾರವೋ ನಾಲ್ಕರಲ್ಲಿ ಸರಾಸರಿ ಒಂದೂಕಾಲು ರೂಮು ತುಂಬಿದರೆ ಸಾಕು, ವರ್ಷ ಸರಿದೂಗುತ್ತದೆ. ‘ಮನೆ ಯಾವಾಗಲೂ ಫುಲ್ ಇರಬೇಕು’ ಎಂಬ ಹಟಕ್ಕೆ ಅರ್ಥವಿಲ್ಲ.

ಈಗ ಫೋನಿನಲ್ಲಿ ಒಬ್ಬರು ಕೇಳುತ್ತಾರೆ: “ಶನಿವಾರಕ್ಕೆ ಎರಡೂವರೆ ಸಾವಿರಕ್ಕೆ ಮಾಡಿಕೊಡಿ ಸಾರ್, ಇನ್ನೂ ನಾಲ್ಕು ಜನಕ್ಕೆ ಹೇಳ್ತೀವಿ.” ಐನೂರು ತಾನೇ ಎನ್ನಿಸುತ್ತದೆ. ಆದರೆ ಎಲ್ಲರಿಗೂ ಹಾಗೆ ಕೊಟ್ಟರೆ ರಾತ್ರಿಗೆ ಉಳಿಯುವುದು 2,230ರಿಂದ 1,775ಕ್ಕೆ ಇಳಿಯುತ್ತದೆ. ಅಷ್ಟೇ ಹಣ ಬರಲು 312ರ ಬದಲು 392 ರಾತ್ರಿ ತುಂಬಬೇಕು. ಜುಲೈ ಮಳೆಯ ಶನಿವಾರವನ್ನೂ ಸೇರಿಸಿ ನೂರಕ್ಕೆ 94. ಕೊಡಗಿನಲ್ಲಿ ಅದು ಆಗದ ಮಾತು. ಅದೇ 3,500ಕ್ಕೆ ಏರಿಸಿದರೆ 259 ರಾತ್ರಿಯಲ್ಲೇ ಆ ಹಣ ಬರುತ್ತದೆ. ಐವತ್ತಮೂರು ಬುಕಿಂಗ್ ಕೈತಪ್ಪಿದರೂ ನಷ್ಟವಿಲ್ಲ, ಅಷ್ಟು ಒಗೆತವೂ ಉಳಿಯಿತು.

ವಾರದ ನಡುವೆ ಮಾತ್ರ ಚೌಕಾಸಿಗೆ ಜಾಗವಿದೆ. ಖಾಲಿ ಹೋದ ಮಂಗಳವಾರವನ್ನು ಬುಧವಾರ ಮಾರಲಾಗುವುದಿಲ್ಲ, ಹಾಗಾಗಿ 1,400 ಕೊಟ್ಟರೂ ಸ್ಥಿರ ಖರ್ಚಿಗೆ ಒಂದಷ್ಟು ಸೇರುತ್ತದೆ. ಆ ರಿಯಾಯಿತಿಯನ್ನು ಎರಡು ರಾತ್ರಿ ಉಳಿಯುವವರಿಗೆ, ನೇರವಾಗಿ ಫೋನ್ ಮಾಡಿದವರಿಗೆ ಕೊಡುವುದು ಜಾಣತನ, ಕಮಿಷನ್ನೂ ಉಳಿಯುತ್ತದೆ. ದಸರೆ, ಡಿಸೆಂಬರ್ ಕೊನೆಯ ವಾರದಲ್ಲಿ ಇದಕ್ಕೆ ತಿರುಗುಮುರುಗು: ನಡುವಿನ ಒಂದೇ ರಾತ್ರಿ ಕೇಳುವವರಿಗೆ ಒಪ್ಪಿದರೆ ಅದರ ಹಿಂದುಮುಂದಿನ ರಾತ್ರಿಗಳು ತುಂಡಾಗಿ ಖಾಲಿ ಉಳಿಯುತ್ತವೆ. ಅಲ್ಲಿ ಎರಡು ರಾತ್ರಿಯ ಕರಾರು ಹಾಕುವುದೇ ಸರಿ.

ದರ ತಪ್ಪಿದ್ದು ತಿಳಿಯಲು ಒಂದು ನೋಟ್‌ಬುಕ್ ಸಾಕು. ಪ್ರತಿ ಸೋಮವಾರ, ಮುಂದಿನ ನಾಲ್ಕು ಶನಿವಾರಗಳಿಗೆ ಎಷ್ಟು ರೂಮು ಹೋಗಿದೆ ಎಂದು ಬರೆಯಿರಿ. ಮೂರು ವಾರ ಮೊದಲೇ ನಾಲ್ಕೂ ಹೋಗಿದ್ದರೆ ದರ ಕಡಿಮೆಯಾಗಿದೆ. ಗುರುವಾರವಾದರೂ ಮೂರು ಉಳಿದಿದ್ದರೆ, ಇಳಿಸುವ ಮೊದಲು ಇನ್ನೊಂದು ನೋಡಿ: ಫೋನುಗಳು ಬಂದು ದರ ಕೇಳಿ ಇಟ್ಟುಬಿಡುತ್ತಿವೆಯೇ, ಅಥವಾ ಬರುತ್ತಲೇ ಇಲ್ಲವೇ? ಮೊದಲನೆಯದು ದರದ ತೊಂದರೆ. ಎರಡನೆಯದಕ್ಕೆ ದರ ಇಳಿಸಿ ಪ್ರಯೋಜನವಿಲ್ಲ. ಫೋಟೋ ಮಂಕಾಗಿರಬಹುದು, ಮಳೆಯ ಎಚ್ಚರಿಕೆ ಹೊರಬಿದ್ದಿರಬಹುದು.

ಗುರಿಯನ್ನು ಹನ್ನೆರಡು ತಿಂಗಳಿಗೆ ಸಮನಾಗಿ ಹಂಚಬೇಡಿ. ಡಿಸೆಂಬರ್‌ಗೆ ನೂರಕ್ಕೆ 70 ಇಟ್ಟವರು ಜುಲೈಗೆ 15 ಇಟ್ಟುಕೊಳ್ಳಲಿ. 2018ರ ಆಗಸ್ಟ್‌ನ ಭೂಕುಸಿತ ತೋರಿಸಿದಂತೆ, ಒಂದಿಡೀ ಮಳೆಗಾಲ ಕೈಕೊಡಬಹುದು. ಬೇಸಿಗೆ ರಜೆಯ ಗಳಿಕೆಯಿಂದ ಮೂರು ತಿಂಗಳ ಸ್ಥಿರ ಖರ್ಚು, ಈ ಮನೆಯ ಲೆಕ್ಕದಲ್ಲಿ 2,64,000 ರೂಪಾಯಿ, ಜೂನ್ ಬರುವ ಮೊದಲೇ ಬೇರೆ ಖಾತೆಯಲ್ಲಿ ಇಟ್ಟುಬಿಡಿ.