ಒಂದೇ ಮನೆ, ಮೂವರು ವಾರಸುದಾರರು: ಪಾಲು ಮಾಡುವುದು ಹೇಗೆ?

ಇಬ್ಬರು ಜಮೀನು ಹಂಚಿಕೊಳ್ಳುವಾಗ ಒಬ್ಬರು ಎರಡು ಪಾಲು ಮಾಡುವುದು, ಇನ್ನೊಬ್ಬರು ತಮಗೆ ಬೇಕಾದದ್ದನ್ನು ಆರಿಸಿಕೊಳ್ಳುವುದು ಹಳೆಯ ಕ್ರಮ. ಉಳಿದದ್ದು ತನಗೇ ಬರುತ್ತದೆಂದು ಗೊತ್ತಿರುವುದರಿಂದ ಪಾಲು ಮಾಡುವವರು ಸಮನಾಗಿಯೇ ಮಾಡುತ್ತಾರೆ. ಆದರೆ ಒಂದೇ ಮನೆಯನ್ನು ಹೀಗೆ ತುಂಡು ಮಾಡಲಾಗದು. ಪಾಲುದಾರರು ಇಬ್ಬರೇ ಇದ್ದರೆ, ಒಬ್ಬರು ಬೆಲೆ ಹೇಳಬೇಕು. ಆ ಬೆಲೆಗೆ ಕೊಳ್ಳುವುದೋ ಬಿಡುವುದೋ ಎಂಬುದನ್ನು ಇನ್ನೊಬ್ಬರು ತೀರ್ಮಾನಿಸಬೇಕು.

ಮೂವರು ಅಥವಾ ಹೆಚ್ಚು ಮಂದಿ ಇದ್ದಾಗ ಪೋಲೆಂಡಿನ ಗಣಿತಜ್ಞ ಬ್ರೋನಿಸ್ಲಾವ್ ಕ್ನಾಸ್ಟರ್ ಅವರ ವಿಧಾನ ಉಪಯೋಗಕ್ಕೆ ಬರುತ್ತದೆ. ಅದನ್ನು ಹ್ಯೂಗೋ ಸ್ಟೈನ್‌ಹೌಸ್ 1948ರಲ್ಲಿ ಪ್ರಕಟಿಸಿದರು. ಪ್ರತಿಯೊಬ್ಬರೂ ಮನೆ ತಮಗೆ ಎಷ್ಟು ಬೆಲೆಯದೆಂದು ಚೀಟಿಯಲ್ಲಿ ಬರೆದು, ಲಕೋಟೆ ಅಂಟಿಸಿ ಕೊಡುತ್ತಾರೆ. ಎಲ್ಲ ಲಕೋಟೆಗಳನ್ನೂ ಒಟ್ಟಿಗೆ ಒಡೆಯಬೇಕು.

ಒಂದು ಉದಾಹರಣೆ ನೋಡೋಣ. ಅಣ್ಣ 60 ಲಕ್ಷ, ತಂಗಿ 54 ಲಕ್ಷ, ತಮ್ಮ 48 ಲಕ್ಷ ಬರೆದಿದ್ದಾರೆ. ಹೆಚ್ಚು ಬರೆದ ಅಣ್ಣನಿಗೆ ಮನೆ. ಪ್ರತಿಯೊಬ್ಬರ ನ್ಯಾಯವಾದ ಪಾಲು ಎಂದರೆ ಅವರು ಬರೆದ ಬೆಲೆಯ ಮೂರನೇ ಒಂದು ಭಾಗ: ಅಣ್ಣನಿಗೆ 20, ತಂಗಿಗೆ 18, ತಮ್ಮನಿಗೆ 16 ಲಕ್ಷ. ಅಣ್ಣ ತನ್ನ 20 ಕಳೆದು 40 ಲಕ್ಷ ಇಡಬೇಕು. ಅದರಿಂದ ತಂಗಿಗೆ 18, ತಮ್ಮನಿಗೆ 16 ಕೊಟ್ಟರೆ 6 ಲಕ್ಷ ಉಳಿಯುತ್ತದೆ. ಅದನ್ನು ಮೂವರಿಗೂ ತಲಾ 2 ಲಕ್ಷ ಹಂಚಬೇಕು. ಕೊನೆಗೆ ಅಣ್ಣ ಕೊಡುವುದು 38 ಲಕ್ಷ. ತಂಗಿಗೆ 20, ತಮ್ಮನಿಗೆ 18. ತಮ್ಮ ಲೆಕ್ಕದ ಪಾಲಿಗಿಂತ ಪ್ರತಿಯೊಬ್ಬರಿಗೂ 2 ಲಕ್ಷ ಹೆಚ್ಚೇ ಸಿಕ್ಕಿತು.

ಆದರೂ "ಅಕ್ಕನಿಗೆ 20, ನನಗೇಕೆ 18?" ಎಂದು ತಮ್ಮ ಕೇಳಬಹುದು. ಈ ವಿಧಾನದ ಕೊರತೆ ಇದೇ. ಆ 38 ಲಕ್ಷವನ್ನು ಇಬ್ಬರಿಗೂ 19ರಂತೆ ಕೊಡಲು ಮೊದಲೇ ಒಪ್ಪಿದ್ದರೆ ಆ ಮಾತು ಬರುವುದಿಲ್ಲ. ತಂಗಿಯ 18, ತಮ್ಮನ 16 ಲಕ್ಷಕ್ಕಿಂತ ಅದೂ ಹೆಚ್ಚೇ.

ಸುಳ್ಳು ಬೆಲೆ ಬರೆದರೆ? ಮನೆ ಬೇಡವಾಗಿದ್ದರೂ ತನ್ನ ಪಾಲು ಹಿಗ್ಗಿಸಲು ತಮ್ಮ 63 ಲಕ್ಷ ಬರೆದ ಎನ್ನಿ. ಮನೆ ಅವನ ತಲೆಗೇ ಬರುತ್ತದೆ. ಸುಮಾರು 40 ಲಕ್ಷ 67 ಸಾವಿರ ಕೊಡಬೇಕಾಗುತ್ತದೆ. ಅವನ ಮನಸ್ಸಿನ ಬೆಲೆ 48 ಲಕ್ಷ ಮಾತ್ರ. 18 ಲಕ್ಷ ಸಿಗುವಲ್ಲಿ ಏಳೂಚಿಲ್ಲರೆ ಲಕ್ಷದ ಲಾಭಕ್ಕೆ ಇಳಿಯುತ್ತಾನೆ. ಆದರೆ ಇತರರ ಅಂಕಿ ಮೊದಲೇ ಗೊತ್ತಾದರೆ ಅಣ್ಣ 60ರ ಬದಲು ಸ್ವಲ್ಪ ಕಡಿಮೆ ಬರೆದು, ಮನೆಯನ್ನೂ ಪಡೆದು, ಕಡಿಮೆ ಹಣ ಕೊಟ್ಟು ಪಾರಾಗಬಹುದು. ಲಕೋಟೆಯ ಗುಟ್ಟು ಕಾಯಬೇಕಾದದ್ದು ಅದಕ್ಕೇ.

ಇನ್ನೊಂದು ತೊಡಕು ಕೈಯಲ್ಲಿ ಹಣವಿಲ್ಲದ್ದು. ಮನೆಯ ಮೇಲೆ ಹೆಚ್ಚು ಆಸೆ ಇರುವವರೇ ಹಣದ ಭಯಕ್ಕೆ ಕಡಿಮೆ ಬರೆಯುತ್ತಾರೆ. ಎಷ್ಟು ಕಂತು, ಎಷ್ಟು ತಿಂಗಳು ಎಂಬುದನ್ನು ಲಕೋಟೆ ಒಡೆಯುವ ಮೊದಲೇ ಬರೆದಿಡಿ. ಹೆಣ್ಣುಮಕ್ಕಳ ಹೆಸರೂ ಪಟ್ಟಿಯಲ್ಲಿರಲಿ. ಹಿಂದೂ ಉತ್ತರಾಧಿಕಾರ ಕಾಯ್ದೆ ಜೈನರಿಗೂ ಅನ್ವಯಿಸುತ್ತದೆ, 2005ರ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ. ಒಪ್ಪಂದವಾದ ಮೇಲೆ ವಿಭಾಗ ಪತ್ರ ಮಾಡಿಸಿ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿ.