ಪುರಸಭೆಗೆ ಅರ್ಜಿ ಬರೆಯುವ ಮುನ್ನ ನಾಯಿಗಳನ್ನು ಎಣಿಸಿ

‘ನಮ್ಮ ಬಡಾವಣೆಯಲ್ಲಿ ಬೀದಿನಾಯಿಗಳ ಕಾಟ ಹೆಚ್ಚಾಗಿದೆ, ದಯಮಾಡಿ ಸೂಕ್ತ ಕ್ರಮ ಕೈಗೊಳ್ಳಿ.’ ಪುರಸಭೆಗೆ ಹೋಗುವ ಅರ್ಜಿಗಳು ಹೆಚ್ಚಾಗಿ ಇಷ್ಟರಲ್ಲೇ ಮುಗಿಯುತ್ತವೆ. ಎಷ್ಟು ನಾಯಿಗಳಿವೆ, ಏನು ಮಾಡಬೇಕು ಎಂಬುದು ಆರೋಗ್ಯ ನಿರೀಕ್ಷಕರಿಗೆ ಇದರಿಂದ ತಿಳಿಯುವುದಿಲ್ಲ. ಸಿಕ್ಕ ನಾಲ್ಕು ನಾಯಿಗಳನ್ನು ವ್ಯಾನಿಗೆ ತುಂಬಿ ಊರಾಚೆ ಬಿಟ್ಟುಬಂದರೂ ಅದು ‘ಕ್ರಮ’ವೇ ಆಗಿಬಿಡುತ್ತದೆ. ಬೀದಿಯಲ್ಲಿ ಕಸದ ರಾಶಿ ಇರುವ ತನಕ ತೆರವಾದ ಜಾಗಕ್ಕೆ ಬೇರೆ ನಾಯಿಗಳು ಬರುತ್ತವೆ, ಲಸಿಕೆಯನ್ನೇ ಕಾಣದವು. ನಾಯಿಗಳ ಮೇಲೆ ಪ್ರೀತಿ ಇರುವವರು ಬರೆಯುವ ಪತ್ರ ಇದಕ್ಕಿಂತ ಗಟ್ಟಿಯಾಗಿರಬೇಕು.

ಗಟ್ಟಿ ಪತ್ರ ಎಣಿಕೆಯಿಂದ ಶುರುವಾಗುತ್ತದೆ. ಬೆಳಗಿನ ಜಾವ, ಸಂಚಾರ ಹೆಚ್ಚುವ ಮೊದಲು, ವಾರ್ಡಿನ ಎಲ್ಲ ಬೀದಿಗಳಲ್ಲೂ ನಡೆದು ಕಂಡ ಪ್ರತಿ ನಾಯಿಯ ಫೋಟೊ ತೆಗೆಯಿರಿ. ಗಂಡೋ ಹೆಣ್ಣೋ, ಮರಿ ಹಾಕಿದೆಯೇ, ಕಿವಿಯ ತುದಿ ಕತ್ತರಿಸಿದೆಯೇ ಎಂದು ಬರೆದುಕೊಳ್ಳಿ. ಕತ್ತರಿಸಿದ ಕಿವಿ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ ಎಂಬುದರ ಗುರುತು. ಮರುದಿನ ಅದೇ ಹೊತ್ತಿಗೆ ಅದೇ ಬೀದಿಗಳಲ್ಲಿ ಇನ್ನೊಮ್ಮೆ ನಡೆಯಿರಿ. ಮೊದಲ ದಿನ 30 ನಾಯಿಗಳು ಕಂಡವು, ಎರಡನೆಯ ದಿನ 32, ಅವುಗಳಲ್ಲಿ 20 ನಿನ್ನೆಯವೇ ಎಂದುಕೊಳ್ಳೋಣ. 30ನ್ನು 32ರಿಂದ ಗುಣಿಸಿ 20ರಿಂದ ಭಾಗಿಸಿದರೆ 48. ಒಂದೇ ದಿನ ಎಣಿಸಿ ಸುಮ್ಮನಾಗಿದ್ದರೆ ಕಣ್ಣಿಗೆ ಬೀಳದ ಹದಿನೆಂಟು ನಾಯಿಗಳು ಲೆಕ್ಕದಿಂದಲೇ ತಪ್ಪಿಹೋಗುತ್ತಿದ್ದವು. ಇದು ಅಂದಾಜೇ ಹೌದು, ಆದರೂ ಕಚೇರಿ ಯೋಜನೆ ಹಾಕಲು ಸಾಕು.

ಇನ್ನು ಬೇಡಿಕೆ. ಲಸಿಕೆ ಮತ್ತು ಸಂತಾನಹರಣವನ್ನು ಒಂದೇ ಸಾಲಿನಲ್ಲಿ ಕೇಳಬೇಡಿ ಎಂಬುದು ನನ್ನ ಗಟ್ಟಿಯಾದ ಸಲಹೆ. ಶಸ್ತ್ರಚಿಕಿತ್ಸೆಗೆ ಪಶುವೈದ್ಯರು, ಕೊಠಡಿ, ಪಂಜರಗಳು, ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾನ್ಯತೆ ಪಡೆದ ಸಂಸ್ಥೆ, ಟೆಂಡರ್ ಎಲ್ಲವೂ ಬೇಕು. ಸಣ್ಣ ಊರಿನಲ್ಲಿ ಇವೆಲ್ಲ ಕೂಡಿಬರಲು ತಿಂಗಳುಗಳೇ ಹಿಡಿಯುತ್ತವೆ. ಎರಡನ್ನೂ ಒಂದೇ ಕಡತಕ್ಕೆ ಕಟ್ಟಿದರೆ ಲಸಿಕೆಯೂ ಅಲ್ಲೇ ಸಿಕ್ಕಿಕೊಳ್ಳುತ್ತದೆ. ರೇಬೀಸ್ ಲಸಿಕೆಗಾದರೋ ಇಷ್ಟೆಲ್ಲ ಬೇಡ: ಬಲೆಯಲ್ಲಿ ಹಿಡಿದು, ಅಲ್ಲೇ ಚುಚ್ಚಿ, ಮೈಗೆ ಬಣ್ಣದ ಗುರುತು ಹಚ್ಚಿ ಬಿಡಬಹುದು. ಗೋವಾದಲ್ಲಿ ಮಿಷನ್ ರೇಬೀಸ್ ತಂಡಗಳು ಸರ್ಕಾರದ ಜೊತೆಗೂಡಿ ಹೀಗೆಯೇ ಊರೂರು ಸುತ್ತಿದವು. 2021ರಲ್ಲಿ ಗೋವಾ ರೇಬೀಸ್ ನಿಯಂತ್ರಿತ ರಾಜ್ಯ ಎಂದು ಘೋಷಣೆಯಾಯಿತು. ಸೋಂಕಿನ ಸರಪಳಿ ಕಡಿಯಲು ನಾಯಿಗಳಲ್ಲಿ ಶೇ. 70ರಷ್ಟಕ್ಕೆ ಲಸಿಕೆ ಆಗಬೇಕು, ಅಂದರೆ ನಮ್ಮ 48ರಲ್ಲಿ 34ಕ್ಕೆ. ಪ್ರತಿ ವರ್ಷ ಮತ್ತೆ ಹಾಕಬೇಕು, ಕಿವಿ ಕತ್ತರಿಸಿದವಕ್ಕೂ.

ಆದ್ದರಿಂದ ಪತ್ರದ ಒಡಲು ಹೀಗಿರಲಿ:

‘ಮಾನ್ಯ ಮುಖ್ಯಾಧಿಕಾರಿಗಳಿಗೆ, ನಮ್ಮ ವಾರ್ಡಿನಲ್ಲಿ ಸುಮಾರು 48 ಬೀದಿನಾಯಿಗಳಿವೆ. 6 ನಾಯಿಗಳಿಗೆ ಮಾತ್ರ ಸಂತಾನಹರಣ ಆಗಿರುವ ಗುರುತಿದೆ. ಒಂದು, ಪಶುಪಾಲನಾ ಇಲಾಖೆಯ ನೆರವಿನಿಂದ ಈ ತಿಂಗಳೊಳಗೆ ರೇಬೀಸ್ ಲಸಿಕೆ ಹಾಕಿಸಬೇಕು. ಎರಡು, 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳಂತೆ ಇನ್ನೂ ಕನಿಷ್ಠ 28 ನಾಯಿಗಳಿಗೆ ಶಸ್ತ್ರಚಿಕಿತ್ಸೆ ಮಾಡಿಸಿ, ಹಿಡಿದ ಜಾಗದಲ್ಲೇ ಬಿಡಿಸಬೇಕು. ದಿನವೂ ಊಟ ಹಾಕುವ ನಾವು ನಾಯಿಗಳನ್ನು ಹಿಡಿಯುವಾಗ ಜೊತೆಗಿರುತ್ತೇವೆ. ಬೀದಿವಾರು ಪಟ್ಟಿ, ಫೋಟೊಗಳನ್ನು ಲಗತ್ತಿಸಿದೆ.’

ಕೊನೆಯ ಮಾತು ಉಪಚಾರಕ್ಕಲ್ಲ. ಹಿಡಿಯುವವರನ್ನು ಕಂಡು ಓಡುವ ನಾಯಿ, ಅನ್ನ ಹಾಕುವ ಅಮ್ಮ ಕರೆದರೆ ಬಾಲ ಅಲ್ಲಾಡಿಸುತ್ತಾ ಬರುತ್ತದೆ.

‘28 ನಾಯಿಗಳೇ? ಒಂದೇ ವಾರದಲ್ಲಿ ಮುಗಿಸುತ್ತೇವೆ’ ಎಂದು ಗುತ್ತಿಗೆದಾರರು ಹೇಳಿದರೆ ಪಂಜರಗಳೆಷ್ಟು ಎಂದು ಕೇಳಿ. ಶಸ್ತ್ರಚಿಕಿತ್ಸೆಗೆ ಮುನ್ನ ನಾಯಿಯನ್ನು ಉಪವಾಸ ಇಡಬೇಕು, ಆಮೇಲೆ ಕನಿಷ್ಠ ನಾಲ್ಕು ದಿನ ಆರೈಕೆಯಲ್ಲಿಡಬೇಕು. ಒಂದು ನಾಯಿಗೆ ಒಂದು ಪಂಜರ ಆರು ದಿನ ಬೇಕು ಎಂದಾಯಿತು. ಹತ್ತು ಪಂಜರಗಳಿದ್ದರೆ ಮೂರು ಸರದಿ, ಹದಿನೆಂಟು ದಿನ. ಅದಕ್ಕಿಂತ ಬೇಗ ಮುಗಿಯಿತೆಂದರೆ ಹೊಲಿಗೆ ಮಾಯುವ ಮೊದಲೇ ನಾಯಿಗಳನ್ನು ಬೀದಿಗೆ ಬಿಟ್ಟಿದ್ದಾರೆ ಎಂದರ್ಥ. ಹೊಟ್ಟೆಯ ಗಾಯ ಊದಿಕೊಂಡು ಕೀವು ಸೋರುವುದು ಆಗಲೇ. ಆರು ತಿಂಗಳು ತುಂಬದ ಮರಿ, ಹಾಲೂಡಿಸುತ್ತಿರುವ ತಾಯಿ ಈ ಸರದಿಯಲ್ಲಿ ಸೇರಬಾರದು.

ಒಂದು ಸೂಕ್ಷ್ಮ ಸಂಗತಿಯಿದೆ. ಶಾಲೆ, ಆಸ್ಪತ್ರೆ, ಕ್ರೀಡಾ ಸಂಕೀರ್ಣ, ಬಸ್ ಮತ್ತು ರೈಲು ನಿಲ್ದಾಣಗಳ ಆವರಣದಿಂದ ಹಿಡಿದ ನಾಯಿಗಳನ್ನು ಅಲ್ಲಿಗೇ ಮರಳಿ ಬಿಡದೆ ಆಶ್ರಯತಾಣಕ್ಕೆ ಸಾಗಿಸಬೇಕೆಂದು ಸುಪ್ರೀಂ ಕೋರ್ಟ್ 2025ರ ನವೆಂಬರ್ 7ರಂದು ಆದೇಶಿಸಿದೆ. ಬೀದಿಯ ನಾಯಿಗಳನ್ನೂ ಆವರಣದೊಳಗಿನ ನಾಯಿಗಳನ್ನೂ ಪಟ್ಟಿಯಲ್ಲಿ ಬೇರೆ ಬೇರೆಯಾಗಿ ತೋರಿಸಿ. ಎರಡನ್ನೂ ಬೆರೆಸಿದರೆ ಬೀದಿಯಲ್ಲಿ ಉಳಿಯಬೇಕಾದವೂ ವ್ಯಾನ್ ಹತ್ತುತ್ತವೆ.

ಪತ್ರದ ಎರಡನೇ ಪ್ರತಿಗೆ ಸ್ವೀಕೃತಿ ಮುದ್ರೆ, ದಿನಾಂಕ ಹಾಕಿಸಿಕೊಳ್ಳಿ. ಒಂದು ಪ್ರತಿ ತಾಲ್ಲೂಕು ಪಶು ಆಸ್ಪತ್ರೆಗೆ, ಒಂದು ವಾರ್ಡಿನ ಸದಸ್ಯರಿಗೆ ಹೋಗಲಿ. ಸಾಮಾನ್ಯ ಸಭೆಯಲ್ಲಿ ವಿಷಯ ಎತ್ತಬಲ್ಲವರು ಅವರೇ. ಕೆಲಸ ಮುಗಿದ ಮೇಲೆ ಅದೇ ಪಟ್ಟಿ ಹಿಡಿದು ಅದೇ ಬೀದಿಗಳಲ್ಲಿ ಮತ್ತೆ ನಡೆಯಿರಿ. ಬಿಲ್ಲಿನಲ್ಲಿ 28 ಎಂದಿದ್ದು, ಬೀದಿಯಲ್ಲಿ ಹೊಸದಾಗಿ ಕಿವಿ ಕತ್ತರಿಸಿದವು ಹನ್ನೆರಡೇ ಸಿಕ್ಕರೆ, ಉಳಿದ ಹದಿನಾರು ಎಲ್ಲಿ ಎಂದು ಕೇಳುವ ಎರಡನೇ ಪತ್ರಕ್ಕೆ ಆ ಪಟ್ಟಿಯೇ ಆಧಾರ.