ಲೋಳೆಸರ ಎಷ್ಟನೆಯ ಹೆಸರು?

ಚಳಿಗಾಲ ಬಂದರೆ ಕನ್ನೊಳ್ಳಿಯ ನಮ್ಮ ಮನೆಯಲ್ಲಿ ಅಜ್ಜಿಯ ಕೈ ಒಡೆಯುತ್ತದೆ. ಅವಳದು ಸೂಕ್ಷ್ಮ ಚರ್ಮ. ಮೊನ್ನೆ ಮೊಮ್ಮಗಳು ಕ್ರೀಮಿನ ಡಬ್ಬಿ ಹಿಡಿದು ಬಂದಳು.

"ಅಜ್ಜಾ, ಇದರಾಗ ಲೋಳೆಸರ ಐತಿ. ಆಯಿಗೆ ಹಚ್ಚೂಣೇನು?"

"ಮೊದಲ ಹಿಂದಿನ ಪಟ್ಟಿ ಓದೂಣು," ಎಂದೆ.

ಇರುವೆಯಂಥ ಅಕ್ಷರ! ಮೊಬೈಲಿನಲ್ಲಿ ಫೋಟೊ ತೆಗೆದು, ದೊಡ್ಡದು ಮಾಡಿ ಓದಿದಳು: ಆಕ್ವಾ, ಗ್ಲಿಸರಿನ್, ಸ್ಟಿಯರಿಕ್ ಆ್ಯಸಿಡ್, ಫಿನಾಕ್ಸಿಎಥನಾಲ್, ಅಲೋವೆರಾ, ಪರ್ಫ್ಯೂಮ್, ಲಿನಲೂಲ್.

ಆಕ್ವಾ ಅಂದರೆ ನೀರು. ಹೆಚ್ಚು ಇರುವುದು ಮೊದಲು, ಕಡಿಮೆ ಇರುವುದು ಆಮೇಲೆ. ಇದು ಪಟ್ಟಿಯ ನಿಯಮ. ಆದರೆ ಶೇಕಡಾ 1 ಅಥವಾ ಅದಕ್ಕಿಂತ ಕಡಿಮೆ ಇರುವವನ್ನು ಕೊನೆಯಲ್ಲಿ ಹೇಗೆ ಬೇಕಾದರೂ ಬರೆಯಬಹುದು. ಫಿನಾಕ್ಸಿಎಥನಾಲ್ ಕ್ರೀಮು ಕೆಡದಂತೆ ಕಾಯುವ ವಸ್ತು. ಅದನ್ನು ಸಾಮಾನ್ಯವಾಗಿ ಶೇಕಡಾ 1ಕ್ಕಿಂತ ಹೆಚ್ಚು ಹಾಕುವುದಿಲ್ಲ. ಅದರ ನಂತರ ಬಂದ ಲೋಳೆಸರವೂ ಅಷ್ಟರೊಳಗೇ!

"ಹಂಗಾರ ಪರ್ಫ್ಯೂಮೂ ಚೂರೇ ಅಲ್ಲೇನಜ್ಜಾ?"

ಹೌದು, ಆದರೆ ಅಲರ್ಜಿಗೆ ಚೂರೇ ಸಾಕು. ಪರ್ಫ್ಯೂಮ್ ಎಂಬ ಒಂದೇ ಹೆಸರಿನಡಿ ಹಲವು ಸುವಾಸನೆಯ ವಸ್ತುಗಳಿರಬಹುದು. ಲಿನಲೂಲ್, ಲಿಮೊನೀನ್ ಅಂಥವೇ. ಮೀಥೈಲ್‌ಐಸೊಥಯಾಜೊಲಿನೋನ್ ಎಂಬ ಉದ್ದ ಹೆಸರಿನ ಸಂರಕ್ಷಕವೂ ಹಲವರಿಗೆ ಒಗ್ಗದು. ಇವು ಎಲ್ಲರಿಗೂ ಕೆಟ್ಟವಲ್ಲ. ಒಗ್ಗದವರಿಗೆ ಮಾತ್ರ ತೊಂದರೆ.

ಆ ಡಬ್ಬಿ ಬಿಟ್ಟು, ಪರ್ಫ್ಯೂಮ್ ಇಲ್ಲದ್ದನ್ನು ತಂದೆವು. ಅದನ್ನೂ ಮೊಣಕೈಯ ಒಳಮಡಿಕೆಯಲ್ಲಿ ದಿನಕ್ಕೆ ಎರಡು ಸಲದಂತೆ ಒಂದು ವಾರ ಹಚ್ಚಿ ನೋಡಿದೆವು. ಕೆಂಪಾಗಲಿಲ್ಲ, ತುರಿಸಲಿಲ್ಲ. ತುರಿಸಿದ್ದರೆ ಅದೇ ಫೋಟೊವನ್ನು ಚರ್ಮದ ಡಾಕ್ಟರಿಗೆ ತೋರಿಸುತ್ತಿದ್ದೆವು.

ಈಗ ಮೊಮ್ಮಗಳು ಡಬ್ಬಿಯ ಮುಂದಿನ ಚಿತ್ರ ನೋಡುವುದಿಲ್ಲ, ತಿರುಗಿಸಿ ಹಿಂದೆ ಓದುತ್ತಾಳೆ.